ಹಿಡಿಸಿತು, ಹಿಡಿಸಿದವು

ಪ್ರಾಜೆಕ್ಟ್‌ಗೋಸ್ಕರ ಸ್ಪ್ಯಾನಿಷ್ ಕಲಿಯಲು ಹೊರಟವರು ಮೊದಲ ತಿಂಗಳಲ್ಲೇ ಎಡವುವ ಪದ ‘ಗುಸ್ತಾರ್’. ಪುಸ್ತಕದಲ್ಲಿ ಅದರ ಅರ್ಥ ‘ಇಷ್ಟಪಡು’ ಎಂದಿರುತ್ತದೆ. ಇಂಗ್ಲಿಷಿನ ‘ಐ ಲೈಕ್’ ನೆನಪಿಟ್ಟುಕೊಂಡವರು ‘ಯೊ ಗುಸ್ತೊ’ ಎಂದು ಶುರುಮಾಡುತ್ತಾರೆ. ಕೇಳುವವರಿಗೆ ಅದು ‘ನಾನು ಹಿಡಿಸುತ್ತೇನೆ’ ಎಂದಂತೆ. ಮಾವಿನ ಬಗ್ಗೆ ಹೇಳಹೊರಟವರು ತಮ್ಮ ಬಗ್ಗೆಯೇ ಹೇಳಿಬಿಟ್ಟಿರುತ್ತಾರೆ!

ಸಯನ್‌ನಲ್ಲಿರುವ ನಮಗೆ ಇಂಗ್ಲಿಷಿನ ದಾರಿ ಬೇಕಿಲ್ಲ. ಹಣ್ಣಿನವನ ಹತ್ತಿರ ಆಡುವ ಮರಾಠಿಯನ್ನೇ ನೋಡಿ. ಒಂದು ಮಾವಾದರೆ ‘ಮಲಾ ಆಂಬಾ ಆವಡತೋ’, ಹಲವಾದರೆ ‘ಮಲಾ ಆಂಬೇ ಆವಡತಾತ್’. ‘ಮಲಾ’ ಹಾಗೇ ಇದೆ, ಕ್ರಿಯಾಪದ ಮಾವಿನ ಜೊತೆ ಬದಲಾಯಿತು. ಸ್ಪ್ಯಾನಿಷ್‌ನಲ್ಲೂ ಅಷ್ಟೇ: ‘ಮೆ ಗುಸ್ತಾ ಎಲ್ ಮಾಂಗೊ’, ‘ಮೆ ಗುಸ್ತಾನ್ ಲೋಸ್ ಮಾಂಗೋಸ್’. ‘ಮೆ’ ಎಂದರೆ ‘ನನಗೆ’.

ವ್ಯಾಕರಣದಲ್ಲಿ ಕರ್ತೃ ಎಂದರೆ ಅನುಭವಿಸುವವನೇ ಆಗಬೇಕೆಂದಿಲ್ಲ. ಕ್ರಿಯಾಪದ ಯಾವುದಕ್ಕೆ ಹೊಂದಿಕೊಳ್ಳುತ್ತದೋ ಅದು ಕರ್ತೃ. ಇಷ್ಟವನ್ನು ಹುಟ್ಟಿಸುವುದು ಮಾವು. ನನ್ನ ಮೇಲೆ ಅದರ ಪರಿಣಾಮವಾಗುತ್ತದೆ, ಅದಕ್ಕೇ ನಾನು ‘ನನಗೆ’ ಆಗುತ್ತೇನೆ.

ಕನ್ನಡದ ‘ನನಗೆ ಮಾವು ಇಷ್ಟ’ದಲ್ಲಿ ಕ್ರಿಯಾಪದವೇ ಇಲ್ಲ, ಹಾಗಾಗಿ ಅದರಿಂದ ಇದು ಕಾಣುವುದಿಲ್ಲ. ‘ಹಿಡಿಸು’ ತೆಗೆದುಕೊಳ್ಳಿ: ನನಗೆ ಆ ಸೀರೆ ಹಿಡಿಸಿತು, ಆ ಸೀರೆಗಳು ಹಿಡಿಸಿದವು, ಆ ಹುಡುಗಿ ಹಿಡಿಸಿದಳು. ಗುಸ್ತಾರ್ ಇದೇ. ಇನ್ನೂ ಜೋರಾಗಿ ಹಿಡಿಸಿದರೆ ‘ಎಂಕಾಂತಾರ್’, ಕಿರಿಕಿರಿಯಾದರೆ ‘ಮೊಲೆಸ್ತಾರ್’.

ಕನ್ನಡ ಕೈಕೊಡುವುದು ‘ಫಾಲ್ತಾರ್’ನಲ್ಲಿ, ಅಂದರೆ ಕಡಿಮೆ ಬೀಳುವುದರಲ್ಲಿ. ‘ನನಗೆ ಎರಡು ರೂಪಾಯಿ ಕಡಿಮೆ ಬಿತ್ತು’ ಎಂದು ನಾವು ಏಕವಚನದಲ್ಲೇ ಹೇಳುತ್ತೇವೆ. ಅದೇ ಅಭ್ಯಾಸದಲ್ಲಿ ‘ಮೆ ಫಾಲ್ತಾ ದೋಸ್ ರುಪಿಯಾಸ್’ ಅಂದರೆ ತಪ್ಪು. ‘ಮೆ ಫಾಲ್ತಾನ್’ ಆಗಬೇಕು. ಇಲ್ಲೂ ಮರಾಠಿಯೇ ಆಸರೆ: ‘ದೋನ್ ರುಪಯೇ ಕಮೀ ಪಡಲೇ’ ಬಹುವಚನ. ಆದರೆ ಇಷ್ಟವಾದದ್ದು ಕೆಲಸವಾದರೆ, ಎಷ್ಟು ಕೆಲಸ ಸೇರಿಸಿದರೂ ಏಕವಚನವೇ: ‘ಮೆ ಗುಸ್ತಾ ಲೇಎರ್ ಇ ಕಮಿನಾರ್’, ಓದುವುದು, ನಡೆಯುವುದು ನನಗಿಷ್ಟ.

ಇನ್ನೊಂದು ಕಡೆ ನಮ್ಮ ಎರಡೂ ಭಾಷೆ ನೆರವಿಗೆ ಬರುವುದಿಲ್ಲ. ‘ರಮೇಶನಿಗೆ ಮಾವು ಹಿಡಿಸುತ್ತದೆ’ ಎಂದರೆ ನಮಗೆ ಸಾಕು. ಸ್ಪ್ಯಾನಿಷ್‌ನಲ್ಲಿ ‘ಆ ರಮೇಶ್ ಲೆ ಗುಸ್ತಾ’ ಎನ್ನಬೇಕು, ‘ರಮೇಶನಿಗೆ ಅವನಿಗೆ’ ಎಂದು ಎರಡು ಸಲ ಹೇಳಿದ ಹಾಗೆ. ಆ ‘ಲೆ’ ಬಿಟ್ಟರೆ ವಾಕ್ಯ ಕುಂಟುತ್ತದೆ.

ಕೊನೆಗೊಂದು ಜೋಡಿ: ‘ಮೆ ಗುಸ್ತಾಸ್’ ಎಂದರೆ ನೀನು ನನಗಿಷ್ಟ, ‘ತೆ ಗುಸ್ತೊ’ ಎಂದರೆ ನಾನು ನಿನಗಿಷ್ಟ. ಹೇಳುವ ಮುಂಚೆ ಯಾರು ಯಾರಿಗೆ ಹಿಡಿಸಿದ್ದು ಎಂದು ಒಮ್ಮೆ ಕನ್ನಡದಲ್ಲಿ ಕೇಳಿಕೊಳ್ಳಿ.