ಜಾತಕ ಎರಡು, ಕುಂಡಲಿ ಮೂರು

ಚೆನ್ನೈನ ಕನ್ನಡ ಮನೆಗಳಲ್ಲಿ ಮದುವೆಯ ಮಾತು ಬಂದೊಡನೆ ಜಾತಕ ಹೊರಬರುತ್ತದೆ. ನಮ್ಮ ಕಡೆಯವರು ಮೂವತ್ತಾರು ಗುಣಗಳನ್ನು ಎಣಿಸಿದರೆ, ಇಲ್ಲಿನ ಜೋಯಿಸರು ಹತ್ತು ಪೊರುತ್ತಂ ನೋಡುತ್ತಾರೆ. ಎರಡೂ ಕಡೆ ಹುಡುಗನದನ್ನೂ ಹುಡುಗಿಯದನ್ನೂ ಪಕ್ಕಪಕ್ಕ ಇಟ್ಟು ಹೋಲಿಸುವುದೇ ಕೆಲಸ. ಆದರೆ ಪಾಶ್ಚಾತ್ಯ ಜ್ಯೋತಿಷ್ಯದಲ್ಲಿ ಬೇರೊಂದು ಕ್ರಮವಿದೆ. ಅಲ್ಲಿ ಎರಡು ಜಾತಕಗಳಿಂದ ಮೂರನೆಯದೊಂದನ್ನು ತಯಾರಿಸುತ್ತಾರೆ. ಇದಕ್ಕೆ ಕಾಂಪೊಸಿಟ್ ಚಾರ್ಟ್ ಎಂದು ಹೆಸರು. ಅಮೆರಿಕದ ರಾಬರ್ಟ್ ಹ್ಯಾಂಡ್ ಅವರ 1975ರ ಪುಸ್ತಕದಿಂದ ಇದು ಹೆಚ್ಚು ಪ್ರಚಾರಕ್ಕೆ ಬಂತು.

ಲೆಕ್ಕ ಸುಲಭ. ಇಬ್ಬರ ಸೂರ್ಯರ ನಡುವಿನ ಬಿಂದು ಹೊಸ ಕುಂಡಲಿಯ ಸೂರ್ಯ. ಇಬ್ಬರ ಚಂದ್ರರ ನಡುವಿನದು ಅದರ ಚಂದ್ರ. ಉಳಿದ ಗ್ರಹಗಳಿಗೂ ಹಾಗೆಯೇ. ಹುಡುಗನ ಸೂರ್ಯ ಮೀನದ 20 ಡಿಗ್ರಿಯಲ್ಲಿ, ಎಂದರೆ ಮೇಷದಿಂದ ಎಣಿಸಿದರೆ 350ರಲ್ಲಿ ಇದ್ದಾನೆ ಎನ್ನಿ. ಹುಡುಗಿಯದು ವೃಷಭದ 10, ಎಂದರೆ 40. ಕೂಡಿಸಿ ಅರ್ಧ ಮಾಡಿದರೆ 195, ತುಲಾ ರಾಶಿ ಬರುತ್ತದೆ. ಇದು ತಪ್ಪು! ಚಕ್ರದಲ್ಲಿ ಇಬ್ಬರ ನಡುವಿನ ಹತ್ತಿರದ ದಾರಿ 50 ಡಿಗ್ರಿ ಮಾತ್ರ. ಅದರ ನಡುವೆ ಸಿಗುವುದು ಮೇಷದ 15.

ಈಗ ಗಮನಿಸಿ: ಇಬ್ಬರಲ್ಲಿ ಯಾರ ಸೂರ್ಯನೂ ಮೇಷದಲ್ಲಿಲ್ಲ. ಈ ಕ್ರಮದ ತಿರುಳೇ ಇದು. ಆ ಸೂರ್ಯ ಅವನದಲ್ಲ, ಅವಳದೂ ಅಲ್ಲ, ಅವರ ಸಂಬಂಧದ್ದು. ಆದ್ದರಿಂದ ಈ ಕುಂಡಲಿಯಲ್ಲಿ ಚಂದ್ರನ ಜೊತೆ ಶನಿ ಕುಳಿತಿದ್ದರೆ "ಹುಡುಗಿಯ ಸ್ವಭಾವ ಬಿಗಿ" ಎಂದು ಓದುವ ಹಾಗಿಲ್ಲ. ಇಬ್ಬರೂ ಸೇರಿದಾಗ ಮನಸ್ಸು ಬಿಚ್ಚಲು ಹೊತ್ತು ಹಿಡಿಯುತ್ತದೆ ಎಂದಷ್ಟೇ ಅದರ ಅರ್ಥ. ದೋಷವನ್ನು ಒಬ್ಬರ ತಲೆಗೆ ಕಟ್ಟಲು ಇಲ್ಲಿ ಜಾಗವಿಲ್ಲ.

ಈ ಮೂರನೆಯ ಕುಂಡಲಿಗೆ ಒಂದು ವಿಚಿತ್ರವೂ ಉಂಟು. ಆಕಾಶದಲ್ಲಿ ಬುಧ ಸೂರ್ಯನಿಂದ ಸುಮಾರು 28 ಡಿಗ್ರಿಗಿಂತ ದೂರ ಹೋಗುವುದೇ ಇಲ್ಲ. ಆದರೆ ಹುಡುಗನ ಸೂರ್ಯ 10ರಲ್ಲಿ, ಬುಧ 358ರಲ್ಲಿ. ಹುಡುಗಿಯ ಸೂರ್ಯ 180ರಲ್ಲಿ, ಬುಧ 190ರಲ್ಲಿ ಇದ್ದರೆ ನಡುಬಿಂದುಗಳು ಎಲ್ಲಿ ಬೀಳುತ್ತವೆ? ಸೂರ್ಯ 95ಕ್ಕೆ, ಬುಧ 274ಕ್ಕೆ, ಹೆಚ್ಚುಕಡಿಮೆ ಎದುರುಬದುರು! ಇಂಥ ಆಕಾಶವನ್ನು ಯಾರೂ ಎಂದೂ ಕಂಡಿಲ್ಲ. ಇಬ್ಬರ ಗ್ರಹಗಳು ಎದುರೆದುರು, ಎಂದರೆ 180 ಡಿಗ್ರಿಯ ಹತ್ತಿರ ಇದ್ದಾಗ ಎರಡು ದಾರಿಗಳೂ ಸುಮಾರು ಸಮನಾಗಿ, ನಡುಬಿಂದು ಸ್ವಲ್ಪದರಲ್ಲೇ ಆಚೆ ಬದಿಗೆ ಹಾರಿಬಿಡುತ್ತದೆ. ಅಂಥ ಗ್ರಹದ ರಾಶಿಯನ್ನು ನೆಚ್ಚಿ ಏನನ್ನೂ ಹೇಳಬಾರದು.

ಇದು ಭವಿಷ್ಯವನ್ನು ಸರಿಯಾಗಿ ಹೇಳುತ್ತದೆಂದು ಯಾವ ವಿಜ್ಞಾನದ ಪರೀಕ್ಷೆಯೂ ತೋರಿಸಿಲ್ಲ. ಪೊರುತ್ತಂನಂತೆ ಇದರಲ್ಲಿ ಅಂಕವೂ ಇಲ್ಲ. ಮದುವೆ ಆಗಬಹುದೇ, ಬೇಡವೇ ಎಂಬ ತೀರ್ಪೂ ಇಲ್ಲ. ಯಾರಾದರೂ ಕಾಂಪೊಸಿಟ್ ಚಾರ್ಟ್ ತೋರಿಸಿ "ಈ ಸಂಬಂಧ ಬೇಡ" ಎಂದರೆ, ಆ ಮಾತು ಅವರದೇ ಹೊರತು ಕುಂಡಲಿಯದಲ್ಲ.