ತೆರಿಗೆ ಕಟ್ಟದವರು ಯಾರು?

ಬೆಂಗಳೂರಿನಲ್ಲಿ ನೌಕರಿಯಲ್ಲಿರುವ ಹಳೆಯ ಶಿಷ್ಯನೊಬ್ಬ ಮೊನ್ನೆ ಮನೆಗೆ ಬಂದಿದ್ದ. “ಸರ್, ಈ ದೇಶದಲ್ಲಿ ತೆರಿಗೆ ಕಟ್ಟುವವರು ನಾವು ಸಂಬಳದವರು ಮಾತ್ರ” ಎಂದು ನೊಂದುಕೊಂಡ. ಅದು ಅರ್ಧ ಸತ್ಯ.

ಆದಾಯ ತೆರಿಗೆ ವಿಧಿಸಬೇಕಾದರೆ ಆದಾಯವು ಎಲ್ಲಿಯಾದರೂ ದಾಖಲಾಗಿರಬೇಕು. ನನ್ನ ಸಂಬಳ ಶಾಲೆಯ ಪಗಾರ ಪತ್ರಕದಲ್ಲಿತ್ತು. ತೆರಿಗೆಯನ್ನು ಅಲ್ಲಿಯೇ ಮುರಿದುಕೊಳ್ಳುತ್ತಿದ್ದರು. ಬೆಟಗೇರಿಯ ನೇಕಾರರ ಕೂಲಿ, ಲಕ್ಷ್ಮೇಶ್ವರದ ಸಂತೆಯ ವ್ಯಾಪಾರ ಯಾವ ಪುಸ್ತಕದಲ್ಲಿದೆ? ಶಿರಹಟ್ಟಿಯ ಶೇಂಗಾ ಬೆಳೆಗಾರರ ಕೃಷಿ ಆದಾಯಕ್ಕಂತೂ ಕೇಂದ್ರದ ಆದಾಯ ತೆರಿಗೆಯೇ ಇಲ್ಲ. ಬಹುಜನರ ದುಡಿಮೆ ಹೀಗೆ ಲೆಕ್ಕದ ಹೊರಗಿರುವ ದೇಶಗಳಲ್ಲಿ ಸರಕಾರವು ಮನುಷ್ಯರನ್ನು ಬಿಟ್ಟು ಸರಕಿನ ಬೆನ್ನು ಹತ್ತುತ್ತದೆ.

ಸಿಮೆಂಟನ್ನೇ ನೋಡಿರಿ. ಕಾರ್ಖಾನೆಗಳು ಕೆಲವೇ, ಅಲ್ಲಿ ವಸೂಲು ಮಾಡುವುದು ಸುಲಭ. 2025ರ ಸೆಪ್ಟೆಂಬರ್ 22ರಂದು ಅದರ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿಯಿತು. ಮೂಲ ಬೆಲೆ 300 ರೂಪಾಯಿ ಎಂದುಕೊಂಡರೆ ಚೀಲಕ್ಕೆ 54 ರೂಪಾಯಿ ತೆರಿಗೆ. ವರ್ಷದ ವಹಿವಾಟು 40 ಲಕ್ಷ ದಾಟದ ಮುಂಡರಗಿಯ ಸಣ್ಣ ಅಂಗಡಿಗೆ ನೋಂದಣಿ ಬೇಕಿಲ್ಲದಿದ್ದರೂ, ಕಾರ್ಖಾನೆಯಲ್ಲಿ ಬಿದ್ದ ತೆರಿಗೆ ಬೆಲೆಯೊಳಗೆ ಅಡಗಿಯೇ ಬರುತ್ತದೆ.

ಆದರೆ ಸರಕಿಗೆ ಕೊಳ್ಳುವವರ ಬಡತನ ಕಾಣದು. ಗೋಡೆ ಕಟ್ಟಲು 10 ಚೀಲ ಒಯ್ಯುವ ಕೂಲಿಕಾರನೂ ಬಂಗಲೆ ಕಟ್ಟಿಸುವ ಸಾಹುಕಾರನೂ ಚೀಲಕ್ಕೆ ಅದೇ 54 ಕೊಡುತ್ತಾರೆ. ಆ 540 ರೂಪಾಯಿ ಒಬ್ಬನಿಗೆ ದುಡಿಮೆಯ ದಿನ, ಇನ್ನೊಬ್ಬನಿಗೆ ಗಮನಕ್ಕೂ ಬಾರದ ಮೊತ್ತ.

ಈ ಪದ್ಧತಿ ಅನಿವಾರ್ಯವಿದ್ದೀತು. ನ್ಯಾಯವೆಂದು ನಾನು ಒಪ್ಪಲಾರೆ. ದಿನಬಳಕೆಯ ವಸ್ತುಗಳ ದರವನ್ನಾದರೂ ಕೆಳಗಿಡಬೇಕು. ಶಿಷ್ಯನಿಗೆ ಇಷ್ಟೇ ಹೇಳಿದೆ: ಕೂಲಿಕಾರನೂ ತೆರಿಗೆ ಕಟ್ಟುತ್ತಾನಪ್ಪ, ಅವನ ಹೆಸರಿನಲ್ಲಿ ರಸೀದಿ ಮಾತ್ರ ಬರುವುದಿಲ್ಲ.