ಮ್ಯಾಗಿಯನ್ನು ಉಳಿಸಿದ್ದು ನೆಸ್ಲೆಯ ಮಾತಲ್ಲ

2015ರ ಮ್ಯಾಗಿ ಪ್ರಕರಣವನ್ನು ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಗೆಲುವಿನ ಕಥೆಯಾಗಿ ಹೇಳುವ ರೂಢಿ ಬೆಳೆದಿದೆ. ಜೂನ್‌ನಲ್ಲಿ ಬಿದ್ದ ಕಂಪನಿ ನವೆಂಬರ್‌ನಲ್ಲಿ ಎದ್ದು ನಿಂತಿತು, ನಡುವೆ ಜನರ ಜೊತೆ ಚೆನ್ನಾಗಿ ಮಾತಾಡಿತು, ಇದು ಕಥೆಯ ಸಾರ. ಮೊದಲ ಭಾಗ ನಿಜ, ಎರಡನೆಯದು ಅಲ್ಲ. ಮಾತಾಡಲೇಬೇಕಾಗಿದ್ದ ದಿನಗಳಲ್ಲಿ ನೆಸ್ಲೆ ಆಡಿದ್ದು ತಪ್ಪು ಮಾತು.

ಉತ್ತರ ಪ್ರದೇಶದ ಬಾರಾಬಂಕಿಯಲ್ಲಿ 2014ರಲ್ಲಿ ತೆಗೆದ ಮಾದರಿಯಲ್ಲಿ ಗೋರಖಪುರದ ಪ್ರಯೋಗಾಲಯ ಎಂಎಸ್‌ಜಿ, ಅಂದರೆ ನಮ್ಮ ಅಡುಗೆಮನೆಯ ಭಾಷೆಯಲ್ಲಿ ಟೇಸ್ಟಿಂಗ್ ಪೌಡರ್, ಇದೆ ಎಂದಿತು. ಪೊಟ್ಟಣದ ಮೇಲಾದರೋ ‘ಎಂಎಸ್‌ಜಿ ಸೇರಿಸಿಲ್ಲ’ ಎಂಬ ಸಾಲಿತ್ತು. ಮುಂದೆ ಕೋಲ್ಕತ್ತದ ಕೇಂದ್ರ ಪ್ರಯೋಗಾಲಯ ದಶಲಕ್ಷಕ್ಕೆ 17.2 ಭಾಗ ಸೀಸವನ್ನೂ ಕಂಡಿತು. ಮಿತಿ 2.5. ಹೀಗೆ ಎರಡು ಆರೋಪಗಳು ಒಟ್ಟಿಗೆ ಎದ್ದವು, ಆದರೆ ಅವುಗಳ ಸ್ವಭಾವ ಬೇರೆ ಬೇರೆ. ಸೀಸ ತಿಳಿಯದೆ ಬಂದಿರಬಹುದಾದದ್ದು. ಲೇಬಲ್ಲಿನ ಸಾಲನ್ನು ಮಾತ್ರ ಕಂಪನಿ ಕುಳಿತು ಯೋಚಿಸಿ ಬರೆದದ್ದು.

ಈ ವ್ಯತ್ಯಾಸವೇ ಅಮೆರಿಕದ ಸಂವಹನ ವಿದ್ವಾಂಸ ತಿಮೊತಿ ಕೂಂಬ್ಸ್ ರೂಪಿಸಿದ ಸಾಂದರ್ಭಿಕ ಬಿಕ್ಕಟ್ಟು ಸಂವಹನ ಸಿದ್ಧಾಂತದ ತಿರುಳು. ಬಿಕ್ಕಟ್ಟಿಗೆ ಜನ ಕಂಪನಿಯನ್ನು ಎಷ್ಟು ಹೊಣೆ ಮಾಡುತ್ತಾರೆ ಎಂಬುದರ ಮೇಲೆ ಉತ್ತರ ನಿಲ್ಲಬೇಕು ಎನ್ನುತ್ತದೆ ಅದು. ಸುಳ್ಳು ವದಂತಿ ಹಬ್ಬಿದ್ದರೆ ಕಂಪನಿಯೂ ಬಲಿಪಶು, ಆಗ ನಿರಾಕರಣೆ ಸರಿ. ಯಂತ್ರದ ದೋಷದಂಥ ಆಕಸ್ಮಿಕವಾದರೆ ಉದ್ದೇಶವಿರಲಿಲ್ಲ ಎಂದು ವಿವರಿಸಬಹುದು. ತಡೆಯಬಹುದಾಗಿದ್ದ ತಪ್ಪಾದರೆ ಕ್ಷಮೆ, ಪರಿಹಾರ ಬಿಟ್ಟು ದಾರಿಯಿಲ್ಲ. ಇವೆಲ್ಲಕ್ಕೂ ಮೊದಲು ಇನ್ನೊಂದು ಕೆಲಸವಿದೆ, ಕಂಪನಿಗಳ ವಕ್ತಾರರು ಹಾರಿಸಿಬಿಡುವುದು ಇದನ್ನೇ: ಅಪಾಯದಿಂದ ಪಾರಾಗಲು ಏನು ಮಾಡಬೇಕೆಂದು ಜನರಿಗೆ ಹೇಳುವುದು. ಹೆಸರು ಉಳಿಸಿಕೊಳ್ಳುವ ಮಾತು ಅದಾದ ಮೇಲೆ.

ನೆಸ್ಲೆ ಮೇ 21ರಂದು ಹೇಳಿದ್ದೇನು? ಈಗ ಮಾರಾಟವಾಗುತ್ತಿರುವ ಮ್ಯಾಗಿಯನ್ನು ವಾಪಸ್ ಪಡೆಯುವ ಆದೇಶ ಬಂದಿಲ್ಲ, ಅದು ಸುರಕ್ಷಿತ. ಅಕ್ಷರಶಃ ಸರಿಯೇ ಇರಬಹುದು. ಆರೋಪಕ್ಕೆ ಒಳಗಾದ ಪೊಟ್ಟಣಗಳು 2014ರ ಫೆಬ್ರುವರಿಯಲ್ಲಿ ತಯಾರಾದವು, ಅವುಗಳ ಅವಧಿ ನವೆಂಬರ್‌ಗೇ ಮುಗಿದಿತ್ತು. ಆಮೇಲೆ ಅಂಕಿಗಳ ಸರದಿ: ಹೊರಗೆ ಸುಮಾರು 600, ಒಳಗೆ ಸುಮಾರು 1,000 ಬ್ಯಾಚ್‌ಗಳ ಮಾದರಿ ಪರೀಕ್ಷಿಸಿದ್ದೇವೆ, ಎಲ್ಲವೂ ಮಿತಿಯೊಳಗಿವೆ. ಡಬ್ಬಿಯಲ್ಲಿ ನಾಲ್ಕು ಪೊಟ್ಟಣ ಇಟ್ಟುಕೊಂಡಿದ್ದ ತಾಯಿಗೆ ಬೇಕಿದ್ದದ್ದು ಅದಲ್ಲ. ಸಂಜೆ ಮಗುವಿಗೆ ಮಾಡಿಕೊಡಲೋ ಬೇಡವೋ? ಸರ್ಕಾರಿ ಪ್ರಯೋಗಾಲಯದ ವರದಿಯನ್ನು ವದಂತಿಯಂತೆ ಕಂಡದ್ದೇ ಮೂಲ ಎಡವಟ್ಟು.

ತಪ್ಪು ಮಾಡದವರು ಒಪ್ಪಿಕೊಳ್ಳಬೇಕೇ ಎಂದು ಕಂಪನಿಯ ಪರ ಕೇಳುವವರಿದ್ದಾರೆ. ಬೇಡ. ‘ವರದಿಯನ್ನು ನಾವು ಒಪ್ಪುವುದಿಲ್ಲ, ಆದರೆ ಮೂರನೆಯವರು ಪರೀಕ್ಷಿಸುವ ತನಕ ಮಾರಾಟ ನಿಲ್ಲಿಸುತ್ತೇವೆ, ಮನೆಯಲ್ಲಿರುವುದನ್ನು ಬೇಯಿಸಬೇಡಿ, ಅಂಗಡಿಗೆ ಕೊಟ್ಟು ಹಣ ಪಡೆಯಿರಿ.’ ಇದರಲ್ಲಿ ತಪ್ಪೊಪ್ಪಿಗೆ ಎಲ್ಲಿದೆ? ಹಣ ಉಳಿಯಿತೇ ಎಂದರೆ ಅದೂ ಇಲ್ಲ. ಜೂನ್ 3ರಂದು ದೆಹಲಿ ಸರ್ಕಾರ ಮಾರಾಟ ನಿಲ್ಲಿಸಿತು. ಜೂನ್ 5ರಂದು ನೆಸ್ಲೆಯೇ ದೇಶದಾದ್ಯಂತ ಸರಕು ಹಿಂದಕ್ಕೆ ಪಡೆಯಿತು, ಅದೇ ದಿನ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಆದೇಶವೂ ಬಂತು. ಸ್ವಿಟ್ಜರ್‌ಲೆಂಡ್‌ನಿಂದ ಬಂದ ಮುಖ್ಯಸ್ಥ ಪಾಲ್ ಬುಲ್ಕೆ ಅಂದು ದೆಹಲಿಯಲ್ಲಿ ಹೇಳಿದ್ದು, ಮ್ಯಾಗಿ ಸುರಕ್ಷಿತ, ಆದರೂ ಹಿಂದಕ್ಕೆ ಪಡೆಯುತ್ತಿದ್ದೇವೆ ಎಂದು. ಎರಡು ವಾರ ಮುಂಚೆ ಇದೇ ಮಾತು ಎಚ್ಚರಿಕೆಯಂತೆ ಕೇಳುತ್ತಿತ್ತು, ಆ ದಿನ ಸಿಕ್ಕಿಬಿದ್ದವರ ಮಾತಿನಂತೆ ಕೇಳಿತು. 30 ಸಾವಿರ ಟನ್‌ಗೂ ಹೆಚ್ಚು ನೂಡಲ್ಸ್ ಸಿಮೆಂಟ್ ಕಾರ್ಖಾನೆಗಳ ಕುಲುಮೆ ಸೇರಿತು. ಆ ತ್ರೈಮಾಸಿಕದಲ್ಲಿ ನೆಸ್ಲೆ ಇಂಡಿಯಾಕ್ಕೆ 64 ಕೋಟಿ ರೂಪಾಯಿ ನಷ್ಟ.

ಪ್ರಾಧಿಕಾರವೂ ಸಾಚಾ ಅಲ್ಲ. ಕಂಪನಿಯ ವಾದ ಕೇಳದೆ ನಿಷೇಧಿಸಿದ್ದು ಸಹಜ ನ್ಯಾಯಕ್ಕೆ ವಿರುದ್ಧ ಎಂದು ಬಾಂಬೆ ಹೈಕೋರ್ಟ್ ಆಗಸ್ಟ್ 13ರಂದು ಆದೇಶವನ್ನು ರದ್ದುಮಾಡಿ, ಹೈದರಾಬಾದ್, ಜೈಪುರ, ಮೊಹಾಲಿಯ ಮಾನ್ಯತೆ ಪಡೆದ ಪ್ರಯೋಗಾಲಯಗಳಿಗೆ ಮಾದರಿ ಕಳಿಸಿತು. ಅಲ್ಲಿ ಸೀಸ ಮಿತಿಯೊಳಗೇ ಇತ್ತು. ನಂಜನಗೂಡು ಸೇರಿದಂತೆ ಮೂರು ಕಾರ್ಖಾನೆಗಳಲ್ಲಿ ಹೊಸದಾಗಿ ಮಾಡಿದ ಸರಕೂ ಪರೀಕ್ಷೆಯಲ್ಲಿ ಗೆದ್ದಿತು. ಜನರ ನಂಬಿಕೆ ಮರಳಿಸಿದ್ದು ಆ ವರದಿಗಳು, ಅವುಗಳ ಹಿಂದೆ ಮೂರು ದಶಕಗಳ ರುಚಿಯ ರೂಢಿ.

ಲೇಬಲ್ ವಿಷಯಕ್ಕೆ ಬಂದರೆ, ನಾವು ಎಂಎಸ್‌ಜಿ ಹಾಕಿಲ್ಲ, ಶೇಂಗಾ ಪ್ರೊಟೀನು, ಈರುಳ್ಳಿ ಪುಡಿ, ಗೋಧಿ ಹಿಟ್ಟಿನಲ್ಲೇ ಗ್ಲುಟಮೇಟ್ ಇರುತ್ತದೆ ಎಂದು ಕಂಪನಿ ವಾದಿಸಿತು. ರಸಾಯನಶಾಸ್ತ್ರ ಸರಿಯಿದೆ. ಆದರೆ ಆ ಸಾಲು ಓದಿದವರಿಗೆ ಪೊಟ್ಟಣದಲ್ಲಿ ಅದು ಇಲ್ಲವೇ ಇಲ್ಲ ಅನಿಸುತ್ತದೆ, ಅನಿಸಲಿ ಎಂದೇ ಅಚ್ಚು ಹಾಕಿಸಿದ್ದು. ಇದು ಕೂಂಬ್ಸ್ ಅವರ ಮೂರನೆಯ ಗುಂಪಿನ ತಪ್ಪು, ಕ್ಷಮೆ ಕೇಳಬೇಕಾಗಿದ್ದದ್ದು ಇಲ್ಲಿ. ಸೀಸದ ಗದ್ದಲ ಎಷ್ಟು ದೊಡ್ಡದಾಗಿತ್ತೆಂದರೆ ಅದರ ಮರೆಯಲ್ಲಿ ಇದು ತಪ್ಪಿಸಿಕೊಂಡಿತು. ನವೆಂಬರ್ 9ರಂದು ಅಂಗಡಿಗೆ ಮರಳಿದ ಪೊಟ್ಟಣದ ಮೇಲೆ ಆ ಸಾಲು ಇರಲಿಲ್ಲ.